ಬಿಎಂಸಿ ಸ್ಯಾಂಪಲ್ ಹಂತಗಳನ್ನು ತಿದ್ದಿ ಬರೆಯೋಣ

ನಮಸ್ಕಾರ. ಮಂಡ್ಯ ಭಾಗದ ಬಿಎಂಸಿ, ಅಂದರೆ ಹಾಲು ತಂಪು ಮಾಡುವ ದೊಡ್ಡ ಟ್ಯಾಂಕ್, ನೋಡಿಕೊಳ್ಳುವವರು ಗಮನಿಸಿ. ಗೋಡೆ ಮೇಲಿನ ಚೀಟಿಯಲ್ಲಿ ‘ಹಾಲು ಚೆನ್ನಾಗಿ ಕಲಕಿ ಸ್ಯಾಂಪಲ್ ತೆಗೆಯಿರಿ’ ಅಂತಿದೆ. ಚೆನ್ನಾಗಿ ಅಂದರೆ ಎಷ್ಟು ಹೊತ್ತು? ಒಬ್ಬರಿಗೆ ಒಂದು ನಿಮಿಷ, ಇನ್ನೊಬ್ಬರಿಗೆ ಐದು. ನಿಂತ ಹಾಲಲ್ಲಿ ಕೆನೆ ಮೇಲೆ ಬರುತ್ತದೆ, ಅಲ್ವಾ? ಸರಿಯಾಗಿ ಕಲಕದೆ ಮೇಲಿಂದ ತೆಗೆದರೆ ಫ್ಯಾಟ್ ಜಾಸ್ತಿ, ತಳದಿಂದ ತೆಗೆದರೆ ಕಡಿಮೆ.

ಹೀಗೆ ಬರೆಯಿರಿ, ಸಾಲಿಗೆ ಒಂದೇ ಕೆಲಸ:

ಅಜಿಟೇಟರ್ ಆನ್ ಮಾಡಿ.
5 ನಿಮಿಷ ಕಾಯಿರಿ.
ಡಿಪ್ಪರನ್ನು ಹಾಲಿನ ಮಧ್ಯಕ್ಕೆ ಇಳಿಸಿ.
ಬಾಟಲಿಯ ಗೆರೆವರೆಗೆ ಹಾಲು ತುಂಬಿ.

‘ತಾಪಮಾನ ಪರಿಶೀಲಿಸಿ’ ಕೂಡ ಬೇಡ. ಪರಿಶೀಲಿಸಿ ಏನು ಮಾಡಬೇಕು? ‘ಥರ್ಮಾಮೀಟರ್ ಓದಿ. ಅಂಕಿಯನ್ನು ರಿಜಿಸ್ಟರ್‌ನಲ್ಲಿ ಬರೆಯಿರಿ. 4 ಡಿಗ್ರಿಗಿಂತ ಜಾಸ್ತಿ ಇದ್ದರೆ ಟ್ಯಾಂಕರ್ ಪಂಪ್ ಆನ್ ಮಾಡಬೇಡಿ.’

ಬರೆದಾದ ಮೇಲೆ ಬೇರೆ ಶಿಫ್ಟಿನವರ ಕೈಗೆ ಕೊಟ್ಟು ಸುಮ್ನೆ ನೋಡಿ. ಅವರು ತಡೆದು ಕೇಳಿದ ಸಾಲನ್ನು ಮತ್ತೆ ತಿದ್ದಿ.