ಸಂದರ್ಶನದ ಮೆಸೇಜ್: ಕಳಿಸುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಗುಮಾಸ್ತರ ಹುದ್ದೆಯ ಸಂದರ್ಶನಕ್ಕೆ ಬರುವವರಿಗೆ ಇವತ್ತು ಸಂಜೆ ಎಸ್‌ಎಂಎಸ್ ಹೋಗಬೇಕು. ಒಕ್ಕಣೆ ಹೀಗಿರಲಿ:

"18 ಗುರುವಾರ ಬೆಳಿಗ್ಗೆ 10.30, ಶಿರಸಿ ಎಪಿಎಂಸಿ ಯಾರ್ಡ್, ಸಂಘದ ಆಫೀಸು. ಗುಮಾಸ್ತರ ಹುದ್ದೆ ಸಂದರ್ಶನ. ಆಧಾರ್, ಅಂಕಪಟ್ಟಿ, ಅನುಭವ ಪತ್ರ: ಅಸಲು ಮತ್ತು ಒಂದೊಂದು ಜೆರಾಕ್ಸ್. 2 ಫೋಟೋ. ದಾರಿ ಕೇಳಲು, ತಡವಾದರೆ: ಆಫೀಸಿನ ಅಕೌಂಟೆಂಟ್, ಇದೇ ನಂಬರ್."

ದಿನ, ಹೊತ್ತು, ಜಾಗ ಮೊದಲೇ ಇಟ್ಟಿದ್ದು ಸುಮ್ನೆ ಅಲ್ಲ. ಕನ್ನಡ ಎಸ್‌ಎಂಎಸ್ ಒಂದಕ್ಕೆ 70 ಅಕ್ಷರವಷ್ಟೇ. ಕೊಂಬು, ಗುಡಿಸು, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. ಉದ್ದವಾದರೆ 67ರಂತೆ ತುಂಡಾಗಿ ಹೋಗುತ್ತದೆ. ಸಿಗ್ನಲ್ ಕಮ್ಮಿ ಇರುವಲ್ಲಿ ಒಂದು ತುಂಡು ತಡವಾಗಿ ಬಂದೀತು. ಮೊದಲ ಸಾಲು ಒಂದೇ ತುಂಡಿನಲ್ಲಿ ಕೂರುತ್ತದೆ, ಅದಕ್ಕೆ "ಆತ್ಮೀಯ ಅಭ್ಯರ್ಥಿಗಳೇ" ಅಂತ ಮುಂದೆ ಸೇರಿಸಬೇಡಿ.

"ನಾಡಿದ್ದು" ಅಂತಲೂ ಬರೆಯಬೇಡಿ. ಘಟ್ಟದ ಹಳ್ಳಿಯವರಿಗೆ ಮೆಸೇಜ್ ಮರುದಿನ ಕಂಡರೆ ಅವರ ನಾಡಿದ್ದೇ ಬೇರೆ, ಅಲ್ವಾ?

ಶಿರಸಿಯಲ್ಲಿ ಹಳೇ ಬಸ್‌ಸ್ಟ್ಯಾಂಡು, ಹೊಸ ಬಸ್‌ಸ್ಟ್ಯಾಂಡು ಎರಡಿವೆ. ಫೋನಿನಲ್ಲಿ ದಾರಿ ಕೇಳಿದವರು ಎಲ್ಲಿ ಇಳಿದಿದ್ದಾರೆ ಅಂತ ಮೊದಲು ವಿಚಾರಿಸಿ. ಕಾರವಾರ, ಅಂಕೋಲಾ ಕಡೆಯವರು ದೇವಿಮನೆ ಘಟ್ಟ ಹತ್ತಿ ಬರಬೇಕು. ಅವರನ್ನು 12ರ ನಂತರ ಕರೆಯೋಣ. ಅವರ ಮೆಸೇಜಿನಲ್ಲಿ ಹೊತ್ತು ಬದಲಿಸಿ, ಉಳಿದದ್ದು ಹಾಗೇ ಇರಲಿ. ಕಳಿಸಿದ ಮೇಲೆ "ಬರುತ್ತೇನೆ" ಎಂದು ಉತ್ತರ ಬರದವರಿಗೆ ಬುಧವಾರ ಮಧ್ಯಾಹ್ನದೊಳಗೆ ಫೋನ್ ಮಾಡಿ.