ಒಂದು ಗರಿಗಾಗಿ ಬರೆದ ಅರ್ಜಿ

ಪ್ರೀತಿಯ ಗೆಳೆಯನಿಗೆ,

ವಂದನೆಗಳು. ಓಲೆಗರಿಯನ್ನು ನೋಡಲು ಅನುಮತಿ ಕೇಳಿ ಆ ಮಠದ ಗ್ರಂಥಭಂಡಾರಕ್ಕೆ ನಾನು ಏನೆಂದು ಬರೆದೆ ಎಂದು ನೀನು ಕೇಳಿದ್ದೆ. ಒಂದಲ್ಲ, ಎರಡು ಅರ್ಜಿ ಬರೆದಿದ್ದೇನೆ. ಮೊದಲನೆಯದು ಒಂದೇ ಸಾಲಿನ ಉತ್ತರದೊಂದಿಗೆ ತಿರಸ್ಕೃತವಾಯಿತು. ಎರಡನೆಯದನ್ನು ಕಳೆದ ವಾರ ಅಂಚೆಗೆ ಹಾಕಿದೆ. ಈ ಎರಡರ ನಡುವೆ ನಾನು ಕಲಿತದ್ದನ್ನು ನಿನಗೆ ವಿವರವಾಗಿಯೇ ತಿಳಿಸುತ್ತೇನೆ.

ಮೊದಲ ಅರ್ಜಿಯಲ್ಲಿ "ತಮ್ಮ ಭಂಡಾರದಲ್ಲಿರುವ ಜೈನ ಸಿದ್ಧಾಂತ ಗ್ರಂಥಗಳ ಓಲೆಗರಿ ಪ್ರತಿಗಳನ್ನು ಪರಿಶೀಲಿಸಲು ಅವಕಾಶ ಮಾಡಿಕೊಡಬೇಕೆಂದು ಕೋರುತ್ತೇನೆ" ಎಂದು ಬರೆದಿದ್ದೆ. ಆಗ ಅದು ವಿನಯದ ಮಾತೆಂದೇ ಅನಿಸಿತ್ತು. ಈಗ ಓದಿದರೆ, ಒಬ್ಬ ಅಪರಿಚಿತನು ಬಂದು ದೇವರ ಕೋಣೆಯ ಬೀಗವನ್ನು ತೆಗೆಯಿರಿ, ಒಳಗೆ ಏನಿದೆಯೋ ನೋಡುತ್ತೇನೆ ಎಂದು ಹೇಳಿದಂತಿದೆ. ಅಲ್ಲಿನವರಿಗೆ ಆ ಕಟ್ಟುಗಳು ಶ್ರುತಪಂಚಮಿಯ ಹಬ್ಬದಂದು ಪೂಜೆಗೊಳ್ಳುವ ಶ್ರುತ, ಎಂದರೆ ಪವಿತ್ರ ಶಾಸ್ತ್ರ. ಪ್ರತಿಯೊಂದು ಸಲ ಕಟ್ಟು ಬಿಚ್ಚಿದಾಗಲೂ ಅಂಚಿನಲ್ಲಿ ಒಂದಿಷ್ಟು ಚೂರು ಉದುರುತ್ತದೆ. ಯಾವ ಗ್ರಂಥ, ಯಾವ ಗರಿ, ಏಕೆ, ಎಷ್ಟು ಹೊತ್ತು ಎಂಬ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿಲ್ಲದ ಅರ್ಜಿಯನ್ನು ಅವರು ನಿರಾಕರಿಸಿದ್ದು ನ್ಯಾಯವೇ ಆಗಿತ್ತು.

ನನಗೆ ಬೇಕಾಗಿರುವುದು ಗೊಮ್ಮಟಸಾರವೆಂಬ ಜೈನ ಸಿದ್ಧಾಂತ ಗ್ರಂಥದ ಕನ್ನಡ ವೃತ್ತಿ, ಎಂದರೆ ವ್ಯಾಖ್ಯಾನ. ಮೂಲವು ಪ್ರಾಕೃತದ್ದು. ಚಾವುಂಡರಾಯನ ಕಾಲದ, ಎಂದರೆ 10ನೆಯ ಶತಮಾನದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಅದನ್ನು ಬರೆದರು. ಅದಕ್ಕೆ ಕೇಶವಣ್ಣನು 1359ರಲ್ಲಿ ಜೀವತತ್ತ್ವಪ್ರದೀಪಿಕೆ ಎಂಬ ಕನ್ನಡ ವೃತ್ತಿಯನ್ನು ರಚಿಸಿದನು. ಅದೇ ಹೆಸರಿನ ಸಂಸ್ಕೃತ ಟೀಕೆಯೂ ಇದೆ. ಅದು ಕನ್ನಡ ವೃತ್ತಿಯನ್ನು ಅನುಸರಿಸಿ ಆಮೇಲೆ ಬಂದದ್ದಾದರೂ, ಅದೇ ಕೇಶವಣ್ಣನದೆಂದು ಬಹುಕಾಲ ಭಾವಿಸಲಾಗಿತ್ತು. ಕನ್ನಡದಲ್ಲಿ ಹುಟ್ಟಿದ ವಿವರಣೆಯೊಂದು ಸಂಸ್ಕೃತಕ್ಕೆ ಹೋಗಿ, ಅಲ್ಲಿಂದ ಉತ್ತರ ಭಾರತದ ಪಂಡಿತರ ಕೈಸೇರಿತೆಂಬುದೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು.

ಈ ವೃತ್ತಿಯಲ್ಲಿ ಮಾತಿನ ಜೊತೆಗೆ ಸಂದೃಷ್ಟಿಗಳು ಬರುತ್ತವೆ. ಹಿಡಿತಕ್ಕೆ ಸಿಗದ ದೊಡ್ಡ ರಾಶಿಗಳನ್ನು ಅಂಕಿ ಅಕ್ಷರಗಳ ಗುರುತಿನಿಂದ ಬರೆದು ತೋರಿಸುವ ಕ್ರಮವದು. ಸಮಸ್ತ ಜೀವರಾಶಿಗೆ ೧೬ ಎಂಬ ಗುರುತು, ಅನಂತಕ್ಕೆ ಖ ಎಂಬ ಅಕ್ಷರ. ಪುದ್ಗಲಗಳು, ಎಂದರೆ ಜಡವಸ್ತುವಿನ ಕಣಗಳು, ಜೀವರಾಶಿಯ ಅನಂತ ಪಟ್ಟು ಇರುವುದರಿಂದ ಅವುಗಳ ಗುರುತು ೧೬ ಖ. ಕಾಲದ ಅತಿ ಸಣ್ಣ ಅಳತೆಗಳಾದ ಸಮಯಗಳು ಪುದ್ಗಲಗಳ ಅನಂತ ಪಟ್ಟು ಆದ್ದರಿಂದ ೧೬ ಖ ಖ. ಆಕಾಶದ ಅತಿ ಸಣ್ಣ ಭಾಗಗಳಾದ ಪ್ರದೇಶಗಳಿಗೆ ಇನ್ನೊಂದು ಖ ಸೇರುತ್ತದೆ. ಎರಡು ಖ ಇರಬೇಕಾದ ಕಡೆ ಒಂದೇ ಉಳಿದರೆ ಕಾಲವು ಪುದ್ಗಲವಾಗಿಬಿಡುತ್ತದೆ. ವ್ಯಾಕರಣ ಕೆಡುವುದಿಲ್ಲ, ಛಂದಸ್ಸು ಕೆಡುವುದಿಲ್ಲ, ಆದ್ದರಿಂದ ಸುಮ್ಮನೆ ಓದಿಕೊಂಡು ಹೋಗುವವನಿಗೆ ಈ ತಪ್ಪು ಕಾಣುವುದೇ ಇಲ್ಲ.

ನಾನು ಬಳಸುತ್ತಿರುವ ಕಾಗದದ ಪ್ರತಿಯಲ್ಲಿ ಆಗಿರುವುದು ಅದೇ. ವೃತ್ತಿಯ ಮಾತು ಕಾಲದ ಸಮಯಗಳ ಬಗ್ಗೆ ಸ್ಪಷ್ಟವಾಗಿ ಹೇಳುತ್ತದೆ, ಪಕ್ಕದ ಸಂದೃಷ್ಟಿಯಲ್ಲಿ ಮಾತ್ರ ೧೬ ಖ ಎಂದಷ್ಟೇ ಇದೆ. ಆ ಪ್ರತಿಯನ್ನು ಈ ಭಂಡಾರದ ಓಲೆಗರಿಯಿಂದಲೇ ಎತ್ತಿಕೊಂಡದ್ದೆಂದು ಅದರ ಕೊನೆಯಲ್ಲಿ ಬರೆದಿದೆ. ಖ ಒಂದು ಓಲೆಯಲ್ಲೇ ಬಿಟ್ಟುಹೋಗಿತ್ತೋ, ಕಾಗದಕ್ಕೆ ಎತ್ತಿದವನು ಎರಡನೆಯ ಖವನ್ನು ಕೈತಪ್ಪಿ ಮರುಕಳಿಸಿದ ಅಕ್ಷರವೆಂದು ತಿಳಿದು ಬಿಟ್ಟನೋ, ಇದು ನನ್ನ ಪ್ರಶ್ನೆ.

ಅರ್ಥಕ್ಕೆ ಬೇಕಾದದ್ದನ್ನು ಕಂಸದಲ್ಲಿ ಸೇರಿಸಿ ಮುಂದೆ ಹೋದರಾಯಿತಲ್ಲ ಎಂದು ನೀನು ಕೇಳಬಹುದು. ಅದಕ್ಕೆ ಅರ್ಜಿಯಲ್ಲಿ ಮೂಡುಬಿದಿರೆಯ ಧವಲಾ ಪ್ರತಿಯ ಉದಾಹರಣೆಯನ್ನು ಕೊಟ್ಟಿದ್ದೇನೆ. ಷಟ್ಖಂಡಾಗಮವೆಂಬ ಪ್ರಾಚೀನ ಜೈನ ಆಗಮಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆಯ ಹಳೆಯ ಓಲೆಗರಿಗಳು ಉಳಿದದ್ದು ಮೂಡುಬಿದಿರೆಯಲ್ಲಿ, ಕನ್ನಡ ಲಿಪಿಯಲ್ಲಿ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾದಾಗ ಸಂಪಾದಕರ ಕೈಯಲ್ಲಿದ್ದದ್ದು ನಕಲಿನ ನಕಲುಗಳು. ಅದರ 93ನೆಯ ಸೂತ್ರವು ಮನುಷ್ಯಸ್ತ್ರೀಯರು ಯಾವ ಯಾವ ಗುಣಸ್ಥಾನಗಳಲ್ಲಿ, ಎಂದರೆ ಆತ್ಮ ಮೇಲೇರುವ ಮೆಟ್ಟಿಲುಗಳಲ್ಲಿ, ನಿಯಮದಿಂದ ಪರ್ಯಾಪ್ತರು, ಎಂದರೆ ದೇಹಶಕ್ತಿಗಳು ಪೂರ್ಣಗೊಂಡವರು, ಆಗಿರುತ್ತಾರೆಂದು ಹೇಳುತ್ತದೆ. ನಕಲುಗಳಲ್ಲಿ ಆ ಪಟ್ಟಿಯು 'ಸಂಜದಾಸಂಜದ', ಎಂದರೆ ಅರೆಸಂಯಮದ ಸಂಯತಾಸಂಯತ ಎಂಬಲ್ಲಿಗೆ ನಿಲ್ಲುತ್ತಿತ್ತು. ಆದರೆ ಕೆಳಗಿನ ಟೀಕೆಯಲ್ಲಿ ವೀರಸೇನರು, ಹಾಗಾದರೆ ಈ ಸೂತ್ರದಿಂದಲೇ ಸ್ತ್ರೀಯರಿಗೆ ಮೋಕ್ಷವು ಸಿದ್ಧವಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ತಾವೇ ಎತ್ತಿ ಉತ್ತರಿಸುತ್ತಾರೆ. ಸೂತ್ರದಲ್ಲಿ 'ಸಂಜದ', ಎಂದರೆ ಪೂರ್ಣ ಸಂಯಮದ ಸಂಯತ ಎಂಬ ಇನ್ನೊಂದು ಪದ ಇಲ್ಲದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ. ಹೀಗಾಗಿ ಇಲ್ಲಿ ಒಂದು ಪದ ಬಿದ್ದುಹೋಗಿರುವಂತಿದೆ ಎಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಅದರ ಮೇಲೆ ಪಂಡಿತರಲ್ಲಿ ದೊಡ್ಡ ವಾದವೇ ನಡೆಯಿತು. ಆಮೇಲೆ ಮೂಡುಬಿದಿರೆಯ ಓಲೆಯನ್ನು ನೋಡಿದಾಗ ಆ ಪದ ಅಲ್ಲಿತ್ತು.

ಆ ಪದ ಬಿದ್ದುಹೋದ ಬಗೆ ನೋಡು. ಸಂಜದಾಸಂಜದ, ಅದರ ಬೆನ್ನಿಗೇ ಸಂಜದ. ಒಂದೇ ಅಕ್ಷರಗುಂಪು ಮೂರು ಸಲ ಒತ್ತೊತ್ತಾಗಿ ಬಂದಾಗ ಬರೆಯುವವನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ. ಇಂತಹ ಗ್ರಂಥಪಾತಕ್ಕೆ ಹೇಳಿಮಾಡಿಸಿದ ಜಾಗ ಅದು. ನನ್ನ ಖ ಖ ಕೂಡ ಅದೇ ಜಾತಿಯದು. ಸಂಪಾದಕರ ಊಹೆ ಸರಿಯಾಗಿತ್ತು, ಆದರೂ ಅದು ಪಾಠವಾಗಿ ನಿಂತದ್ದು ಓಲೆಯನ್ನು ಕಂಡ ಮೇಲೆಯೇ. ಈ ಭಾಗವನ್ನು ಬರೆಯುವಾಗ ನನಗೆ ಮೊದಲ ಬಾರಿಗೆ, ನಾನು ಕೇಳುತ್ತಿರುವುದು ಸಣ್ಣ ಸಂಗತಿಯಲ್ಲ ಎಂಬ ಧೈರ್ಯ ಬಂತು.

ಮೊದಲ ನಿರಾಕರಣೆಯ ನಂತರ ನಾನು ಗರಿಯ ಸಂಖ್ಯೆಯನ್ನು ತಿಳಿಸಿ, ಛಾಯಾಚಿತ್ರವಾದರೂ ಸಿಗಬಹುದೇ ಎಂದು ಕೇಳಿದ್ದೆ. ಅವರು ದಯವಿಟ್ಟು 114ನೆಯ ಗರಿಯ ಎರಡೂ ಬದಿಗಳ ಚಿತ್ರ ಕಳುಹಿಸಿದರು. ಚಿತ್ರ ಬಹಳ ಸ್ಪಷ್ಟವಾಗಿದೆ. ಎಡ ಅಂಚಿನಲ್ಲಿ ಗರಿಯ ಸಂಖ್ಯೆ, ದಾರ ಪೋಣಿಸುವ ಎರಡು ರಂಧ್ರಗಳು, ರಂಧ್ರದ ಸುತ್ತ ಬರೆಯದೆ ಬಿಟ್ಟ ಚೌಕದಂತಹ ಜಾಗ. ನಾಲ್ಕನೆಯ ಸಾಲಿನಲ್ಲಿ ೧೬ ಖ ಎಂದು ಬಂದು ಸರಿಯಾಗಿ ಎಡ ರಂಧ್ರದ ಬಳಿ ನಿಲ್ಲುತ್ತದೆ. ರಂಧ್ರವನ್ನು ದಾಟಿದ ಮೇಲೆ ಒಂದು ಅಕ್ಷರದಷ್ಟು ಜಾಗ ಖಾಲಿ. ಆಮೇಲೆ ಮಾತು ಮುಂದುವರಿಯುತ್ತದೆ. ಉಳಿದ ಯಾವ ಸಾಲಿನಲ್ಲೂ ರಂಧ್ರದ ಬಲಬದಿಯಲ್ಲಿ ಅಷ್ಟು ಜಾಗ ಬಿಟ್ಟಿಲ್ಲ.

ಆ ಖಾಲಿ ಜಾಗ ನಿಜವಾಗಿ ಖಾಲಿಯೇ ಎಂಬುದು ಚಿತ್ರದಿಂದ ತಿಳಿಯುವುದಿಲ್ಲ. ಕಾರಣ ನಿನಗೂ ಗೊತ್ತಿದೆ. ಕಂಠವೆಂಬ ಕಬ್ಬಿಣದ ಲೇಖನಿಯಿಂದ ಓಲೆಯ ಮೇಲೆ ಕೊರೆದ ಅಕ್ಷರವು ಮೊದಲಿಗೆ ಬಣ್ಣವಿಲ್ಲದ ಗೀರು. ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಉಜ್ಜಿ ಒರೆಸಿದಾಗ ಗೀರಿನೊಳಗೆ ಮಸಿ ಉಳಿದು ಅಕ್ಷರ ಕಪ್ಪಾಗಿ ಕಾಣುತ್ತದೆ. ದಾರ ಓಡಾಡುವ ರಂಧ್ರದ ಆಸುಪಾಸಿನಲ್ಲಿ ಶತಮಾನಗಳ ತಿಕ್ಕಾಟಕ್ಕೆ ಮಸಿ ಹೋಗಿಬಿಡಬಹುದು, ಗೀರು ಮಾತ್ರ ಉಳಿದಿರಬಹುದು. ನೇರವಾಗಿ ಮೇಲಿನಿಂದ ಬೆಳಕು ಬಿಟ್ಟು ತೆಗೆದ ಚಿತ್ರದಲ್ಲಿ ಮಸಿ ಕಾಣುತ್ತದೆ, ಮಸಿಯಿಲ್ಲದ ಗೀರು ಕಾಣುವುದಿಲ್ಲ. ಬೆಳಕನ್ನು ಪಕ್ಕದಿಂದ, ಓಲೆಗೆ ತಾಗಿದಂತೆ ಓರೆಯಾಗಿ ಹಾಯಿಸಿದರೆ ಗೀರಿನ ಒಂದು ಅಂಚು ಮಿನುಗಿ ಇನ್ನೊಂದು ಅಂಚಿಗೆ ನೆರಳು ಬೀಳುತ್ತದೆ, ಅಕ್ಷರ ಎದ್ದು ಬರುತ್ತದೆ. ಅದೇ ಬೆಳಕಿನಲ್ಲಿ ಓಲೆಯ ಸಹಜವಾದ ನಾರಿನ ಗೆರೆಗಳೂ ಎದ್ದು ಕಾಣುತ್ತವೆ. ಅವು ಉದ್ದಕ್ಕೆ ನೇರವಾಗಿ ಓಡುವುದರಿಂದ, ಖ ಅಕ್ಷರದ ಬಾಗು ಇದ್ದರೆ ಬೇರೆಯಾಗಿಯೇ ಗುರುತಿಸಬಹುದು. ಬರೆದವನೇ ಬೇಡವೆಂದು ಹೊಡೆದುಹಾಕಿದ್ದರೆ ಅಡ್ಡಗೀರು ಸಿಗುತ್ತದೆ. ಏನೂ ಇಲ್ಲದಿದ್ದರೆ, ಓಲೆಯ ಲಿಪಿಕಾರನೇ ಬಿಟ್ಟನೆಂದು ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ಎರಡನೆಯ ಅರ್ಜಿಯಲ್ಲಿ ಕೇಳಿದ್ದು ಇಷ್ಟೇ. ಮುಖ್ಯ ವಾಕ್ಯಗಳನ್ನು ಹಾಗೆಯೇ ಇಲ್ಲಿ ಬರೆಯುತ್ತೇನೆ:

"ನಾನು ನೋಡಬೇಕಾಗಿರುವುದು ಈ ಕಟ್ಟಿನ 114ನೆಯ ಗರಿಯ ಒಂದೇ ಬದಿಯನ್ನು, ಅರ್ಧ ಗಂಟೆಯ ಮಟ್ಟಿಗೆ. ಕಟ್ಟನ್ನು ಬಿಚ್ಚುವುದು, ಗರಿಯನ್ನು ತೆಗೆಯುವುದು, ಮರಳಿ ಸೇರಿಸುವುದು ಎಲ್ಲವೂ ತಮ್ಮವರ ಕೈಯಿಂದಲೇ ಆಗಲಿ. ನಾನು ಓಲೆಯನ್ನು ಮುಟ್ಟುವುದಿಲ್ಲ. ಗರಿಯನ್ನು ಉದ್ದಕ್ಕೂ ಆಧಾರವಿರುವ ಹಲಗೆಯ ಮೇಲೆ ಇಟ್ಟರೆ ಸಾಕು. ಬಿಸಿ ತಾಗದ ಸಣ್ಣ ಬೆಳಕಿನ ದೀಪವನ್ನು ಪಕ್ಕದಿಂದ ಹಿಡಿಯಲು ಅನುಮತಿ ಬೇಡುತ್ತೇನೆ. ಅಕ್ಷರವು ಮಸುಕಾಗಿ ಕಂಡರೂ ಅದಕ್ಕೆ ಎಣ್ಣೆಯನ್ನಾಗಲಿ ಮಸಿಯನ್ನಾಗಲಿ ಸವರಬೇಕೆಂದು ಕೇಳುವುದಿಲ್ಲ. ಗರಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅವನ್ನು ಬಿಡಿಸಬಾರದು. ಆಗ ನನ್ನ ಕೋರಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ."

ಎಣ್ಣೆಯ ಮಾತನ್ನು ಬೇಕೆಂದೇ ಸೇರಿಸಿದೆ. ಓದಲು ಅನುಕೂಲವಾಗಲೆಂದು ಮಜ್ಜಿಗೆಹುಲ್ಲಿನ ಎಣ್ಣೆಗೆ ಕಾಡಿಗೆ ಕಲಸಿ ಸವರುವುದು ರೂಢಿಯಲ್ಲಿದೆ, ಓಲೆ ಬಾಗುವಷ್ಟು ಮೆತ್ತಗಾಗುವುದೂ ನಿಜ. ಆದರೆ ನನ್ನ ಪ್ರಶ್ನೆಯೇ ಮಸಿ ಹೋದ ಗೀರಿನದು. ಹೊಸ ಮಸಿ ತುಂಬಿದರೆ ಹೊಡೆದುಹಾಕಿದ ಗೀರು, ಆಮೇಲೆ ಬಿದ್ದ ಗೀರು, ಮೂಲದ ಗೀರು ಎಲ್ಲವೂ ಒಂದೇ ಬಣ್ಣಕ್ಕೆ ಬಂದು ಸಾಕ್ಷಿಯೇ ಅಳಿಸಿಹೋಗುತ್ತದೆ.

ಮಳೆಗಾಲದಲ್ಲಿ ಕಟ್ಟು ಬಿಚ್ಚುವುದು ಬೇಡ, ತೇವ ಇಳಿದ ಮೇಲೆ ಅವರಿಗೆ ಅನುಕೂಲವಾದ ದಿನ ತಿಳಿಸಲಿ ಎಂದೂ ಬರೆದಿದ್ದೇನೆ. ಮಡಿ ಮೊದಲಾದ ಅಲ್ಲಿನ ನಿಯಮಗಳಿಗೆ ನಡೆದುಕೊಳ್ಳುತ್ತೇನೆ, ಅನುಮತಿಯಿಲ್ಲದೆ ಚಿತ್ರವನ್ನು ಅಚ್ಚು ಹಾಕಿಸುವುದಿಲ್ಲ, ಕಂಡದ್ದರ ಟಿಪ್ಪಣಿಯ ಒಂದು ಪ್ರತಿಯನ್ನು ಭಂಡಾರಕ್ಕೇ ಒಪ್ಪಿಸುತ್ತೇನೆ ಎಂದು ಸೇರಿಸಿದ್ದೇನೆ. ಮಾರ್ಗದರ್ಶಕರ ಪತ್ರವನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ನಿನ್ನಿಂದ ಒಂದು ಉಪಕಾರವಾಗಬೇಕು. ನಿಮ್ಮ ವಿಶ್ವವಿದ್ಯಾನಿಲಯದ ಹಸ್ತಪ್ರತಿ ವಿಭಾಗದಲ್ಲಿ ಇದೇ ವೃತ್ತಿಯ ಬೇರೆ ಪ್ರತಿಯಿದ್ದರೆ, ಕಾಲದ ಸಮಯಗಳ ಸಂದೃಷ್ಟಿ ಬರುವ ಜಾಗವನ್ನು ನೋಡಿ, ಅಲ್ಲಿ ಎಷ್ಟು ಖ ಇವೆಯೆಂದು ಗುರುತು ಹಾಕಿಕೊ. ಆದರೆ ನನಗೆ ಈಗ ಹೇಳಬೇಡ, ಲಕೋಟೆಯಲ್ಲಿ ಹಾಕಿ ನಿನ್ನಲ್ಲೇ ಇಟ್ಟುಕೊ. ಎರಡು ಇವೆಯೆಂದು ಮೊದಲೇ ತಿಳಿದರೆ ರಂಧ್ರದ ಪಕ್ಕದ ಪ್ರತಿಯೊಂದು ನಾರಿನಲ್ಲೂ ನನ್ನ ಕಣ್ಣು ಖ ಹುಡುಕತೊಡಗುತ್ತದೆ. ಗರಿಯನ್ನು ನೋಡಿ, ಕಂಡದ್ದನ್ನು ಅಲ್ಲೇ ಬರೆದು ಸಹಿ ಹಾಕಿದ ಮೇಲೆ ನಿನಗೆ ತಿಳಿಸುತ್ತೇನೆ, ಆಗ ಲಕೋಟೆ ಕಳುಹಿಸು.

ನಿನ್ನ ಗೆಳೆಯ