ಎಂಟು ಸ್ಟಿಚ್ಚಿನ ಲೆಕ್ಕ

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೀನಿ. ಹೋದ ಸಲ ಫೋಟೋದಲ್ಲಿ ನೋಡಿದೆಯಲ್ಲ, ಚಾಪೆ ಹೆಣೆದ ಹಾಗೆ ಕಾಣುವ ಸ್ಕಾರ್ಫ್? ಪಟ್ಟಿಗಳನ್ನು ಬೇರೆ ಬೇರೆ ಹೆಣೆದು ಹೊಲಿದೆಯಾ ಅಂತ ಕೇಳಿದ್ದೆ. ಇಲ್ಲಮ್ಮ, ಎಲ್ಲಾ ಒಂದೇ ದಾರ. ಇದಕ್ಕೆ ಎಂಟ್ರೆಲಾಕ್ ಅಂತಾರೆ.

24 ಸ್ಟಿಚ್ ಹಾಕಿ, ಮೊದಲು ಎಂಟೆಂಟರ ಮೂರು ತ್ರಿಕೋನ ಮಾಡಿಕೊಂಡೆ. ಅದರ ಮೇಲೆ ಓರೆ ಚೌಕಗಳು ಅಂತಸ್ತು ಅಂತಸ್ತಾಗಿ ಏರುತ್ತವೆ. ಒಂದು ಚೌಕ ಹೇಗಾಗುತ್ತದೆ ಅಂತ ಹೇಳ್ತೀನಿ, ಕಡ್ಡಿ ಕೈಯಲ್ಲಿ ಹಿಡ್ಕೊಂಡೇ ಓದು.

ಕೆಳಗಿನ ಚೌಕದ ಅಂಚಿನಲ್ಲಿ ಕಡ್ಡಿ ತೂರಿಸಿ, ದಾರ ಎಳೆದು ಎಂಟು ಹೊಸ ಸ್ಟಿಚ್ ಎತ್ತಿಕೊಳ್ಳಬೇಕು. ತಿರುಗಿಸಿ ಎಂಟೂ ಉಲ್ಟಾ. ಮತ್ತೆ ತಿರುಗಿಸಿ ಏಳು ಸೀದಾ. ಎಂಟನೆಯದನ್ನು ಪಕ್ಕದ ಚೌಕದಿಂದ ಕಡ್ಡಿಯಲ್ಲೇ ಕಾಯುತ್ತಿರುವ ಒಂದು ಸ್ಟಿಚ್ ಜೊತೆ ಸೇರಿಸಿ ಒಂದೇ ಮಾಡಬೇಕು. ಹೀಗೆ ಎಂಟು ಸಲ ಸೇರಿಸಿದರೆ ಪಕ್ಕದವು ಖಾಲಿ, 16 ಸಾಲಿನ ಒಂದು ಚೌಕ ಸಿದ್ಧ. ಆಮೇಲೆ ತಿರುಗಿಸದೆ ಮುಂದಿನ ಅಂಚಿಗೆ ಹೋಗಬೇಕು. ಮುಂದಿನ ಅಂತಸ್ತನ್ನು ಹಿಂಬದಿಯಿಂದ ಹೆಣೆಯಬೇಕು. ಸ್ಟಿಚ್ ಎತ್ತುವುದೂ ಉಲ್ಟಾ ಹೆಣಿಗೆಯಲ್ಲೇ. ಅದಕ್ಕೇ ಆ ಚೌಕಗಳು ಇನ್ನೊಂದು ಕಡೆಗೆ ವಾಲುತ್ತವೆ.

ಜೋಡಿಸದ ಕಡೆಯಿಂದ ಶುರುವಾಗುವ ಸಾಲಿನ ಮೊದಲ ಸ್ಟಿಚ್ಚನ್ನು ಹೆಣೆಯದೆ ಸುಮ್ನೆ ಆ ಕಡ್ಡಿಯಿಂದ ಈ ಕಡ್ಡಿಗೆ ಜಾರಿಸ್ತೀನಿ. ಆಗ ಅಂಚು ಸರಪಳಿಯ ಹಾಗೆ ನಿಲ್ಲುತ್ತದೆ. ಎರಡು ಸಾಲಿಗೆ ಒಂದು ಕೊಂಡಿ, 16 ಸಾಲಿಗೆ ಎಂಟು. ಒಂದೊಂದು ಕೊಂಡಿಗೆ ಒಂದೊಂದು ಸ್ಟಿಚ್, ಲೆಕ್ಕ ತಾನಾಗಿಯೇ ಕೂಡುತ್ತದೆ. ಕೊಂಡಿಯ ಎರಡೂ ಎಳೆಗಳ ಅಡಿಯಲ್ಲಿ ಕಡ್ಡಿ ಹಾಕಬೇಕು, ಒಂದೇ ಎಳೆ ಹಿಡಿದರೆ ಅಂಚು ಜಗ್ಗಿ ಸಡಿಲವಾಗುತ್ತದೆ.

ಮೂರನೇ ಅಂತಸ್ತಿನಲ್ಲಿ ನಾನು ಎಡವಿದೆ. ಮೂಲೆಯ ತೂತಿನಲ್ಲೂ ಒಂದು ಎತ್ತಿ, ಒಂಬತ್ತು ಮಾಡಿಬಿಟ್ಟಿದ್ದೆ. ಆಗ ಏನೂ ಗೊತ್ತಾಗಲಿಲ್ಲ. ಪಕ್ಕದವು ಎಂಟೇ ಇದ್ದದ್ದರಿಂದ ಚೌಕ 16 ಸಾಲಿಗೇ ಮುಗಿಯಿತು, ನೋಡೋಕೂ ಸರಿಯಾಗಿತ್ತು. ಆದರೆ ಕಡ್ಡಿಯ ಮೇಲೆ ಒಂಬತ್ತು ಉಳಿದಿತ್ತು. ಮೇಲಿನ ಚೌಕ ಆ ಒಂಬತ್ತನ್ನೂ ಸೇರಿಸಿಕೊಳ್ಳುವಷ್ಟರಲ್ಲಿ 18 ಸಾಲಾಗಿ, ಒಂದು ಮೂಲೆ ಮೇಲಕ್ಕೆ ಉಬ್ಬಿತು. ತಪ್ಪು ಮಾಡಿದ್ದು ಒಂದು ಅಂತಸ್ತಿನಲ್ಲಿ, ಕಂಡಿದ್ದು ಅದರ ಮೇಲಿನದರಲ್ಲಿ! ಎರಡೂ ಬಿಚ್ಚಬೇಕಾಯ್ತು, ಅಳು ಬರೋ ಹಾಗಾಯ್ತು.

ಈಗ ಎತ್ತಿದ ತಕ್ಷಣ ಒಂದು ಸಲ, ಚೌಕ ಮುಗಿದ ಮೇಲೆ ಇನ್ನೊಂದು ಸಲ ಎಣಿಸ್ತೀನಿ. ಮೂಲೆಯಲ್ಲಿ ಸಡಿಲ ದಾರದಿಂದ ಎತ್ತೋದೇ ಇಲ್ಲ, ಅದರ ಪಕ್ಕದ ಬಿಗಿ ಸ್ಟಿಚ್ಚಿನಿಂದ ಎತ್ತುತ್ತೀನಿ. ತೂತು ಈಗ ತುಂಬಾ ಕಮ್ಮಿ ಕಾಣುತ್ತದೆ.

ಇನ್ನು ಎರಡು ಅಂತಸ್ತು, ಆಮೇಲೆ ಮೇಲಂಚು ನೇರ ಮಾಡುವ ತ್ರಿಕೋನಗಳು. ನಿನ್ನ ಹತ್ತಿರ ಉಳಿದಿರೋ ಎರಡು ಬಣ್ಣದ ಉಲ್ಲನ್‌ ಇದಕ್ಕೆ ಚೆನ್ನಾಗಿ ಒಪ್ಪುತ್ತೆ. ಅಂತಸ್ತಿಗೊಂದು ಬಣ್ಣ ಹಾಕು. ಎಲ್ಲಿ ಎತ್ತಿದ್ದು, ಎಲ್ಲಿ ಸೇರಿಸಿದ್ದು ಅಂತ ಬಣ್ಣವೇ ತೋರಿಸುತ್ತೆ. ಮೊದಲ ಚೌಕ ಆದ ತಕ್ಷಣ ಫೋಟೋ ಕಳಿಸು.

ನಿನ್ನ ಮಗಳು